ಬ್ಯಾಂಕಿನಲ್ಲಿ ಡಿಸ್ಕೌಂಟ್ ಮಾಡಿದ ಬಿಲ್ ಡಿಸ್‌ಆನರ್ ಆದರೆ ಎಂಟ್ರಿ ಯಾರ ಹೆಸರಿಗೆ, ಎಷ್ಟಕ್ಕೆ?

ಚೈತ್ರಾ_ಬಿಕಾಂ

ಎಲ್ಲರಿಗೂ ನಮಸ್ಕಾರ. ಒಂದು ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಉತ್ತರ ಪುಸ್ತಕದ ಕೊನೆಯಲ್ಲಿದೆ, ಆದರೆ ಯಾಕೆ ಹಾಗೆ ಅಂತ ತಲೆಗೆ ಹೋಗುತ್ತಿಲ್ಲ.

ಕಮಲಾ ಏಪ್ರಿಲ್ 1ರಂದು ದಿವಾಕರನಿಗೆ 50,000 ರೂಪಾಯಿ ಸರಕನ್ನು ಸಾಲಕ್ಕೆ ಮಾರಿ, ಅವನ ಮೇಲೆ ಮೂರು ತಿಂಗಳ ಬಿಲ್ ಬರೆಯುತ್ತಾಳೆ. ದಿವಾಕರ ಒಪ್ಪಿ ಸಹಿ ಹಾಕುತ್ತಾನೆ. ಮೇ 4ರಂದು ಕಮಲಾ ಆ ಬಿಲ್ಲನ್ನು ಬ್ಯಾಂಕಿನಲ್ಲಿ ವರ್ಷಕ್ಕೆ 12%ರಂತೆ ಡಿಸ್ಕೌಂಟ್ ಮಾಡಿಸುತ್ತಾಳೆ. ಗಡುವಿನ ದಿನ ದಿವಾಕರ ದುಡ್ಡು ಕೊಡುವುದಿಲ್ಲ. ಬ್ಯಾಂಕು ನೋಟಿಂಗ್ ಚಾರ್ಜ್ ಅಂತ 250 ರೂಪಾಯಿ ಕೊಟ್ಟಿದೆ.

ಪುಸ್ತಕದ ಉತ್ತರ: ದಿವಾಕರನ ಖಾತೆ ಡೆಬಿಟ್ 50,250, ಬ್ಯಾಂಕ್ ಖಾತೆ ಕ್ರೆಡಿಟ್ 50,250.

ಬ್ಯಾಂಕು ಕಮಲಾಗೆ ಕೊಟ್ಟಿದ್ದೇ 49,000. ವಾಪಸ್ ತೆಗೆದುಕೊಳ್ಳುವಾಗ 50,000 ಯಾಕೆ? ಇನ್ನೊಂದು, ನನ್ನ ಗೆಳತಿ ಬ್ಯಾಂಕಿನ ಬದಲು ಬಿಲ್ಸ್ ರಿಸೀವಬಲ್ ಖಾತೆಯನ್ನು ಕ್ರೆಡಿಟ್ ಮಾಡಿದ್ದಾಳೆ. ಬಿಲ್ ಸತ್ತುಹೋಯಿತು, ಹಾಗಾಗಿ ಬಿಲ್ ಖಾತೆಯನ್ನೇ ತೆಗೆಯಬೇಕು ಅನ್ನುವುದು ಅವಳ ವಾದ. ಅದೂ ಸರಿ ಅನ್ನಿಸುತ್ತೆ ಅಲ್ವಾ?

ಮಂಜು_ಟ್ಯಾಲಿ

ಕ್ರೆಡಿಟ್ ಬ್ಯಾಂಕಿಗೇ, ಅದರಲ್ಲಿ ಅನುಮಾನ ಇಲ್ಲ. ನಿಮ್ಮ ಗೆಳತಿ ಬರೆದದ್ದು ತಪ್ಪು. ದುಡ್ಡು ಹೋಗುವುದು ಬ್ಯಾಂಕ್ ಖಾತೆಯಿಂದ, ಹಾಗಾಗಿ ಬ್ಯಾಂಕ್ ಕ್ರೆಡಿಟ್.

ಮೊತ್ತದ ವಿಷಯದಲ್ಲಿ ಮಾತ್ರ ನಿಮ್ಮ ಅನುಮಾನವೇ ಸರಿ ಅನ್ನಿಸುತ್ತೆ. ಬ್ಯಾಂಕು ಕೊಟ್ಟಿದ್ದು 49,000, ನೋಟಿಂಗ್ 250. ಒಟ್ಟು 49,250 ವಾಪಸ್ ಕೊಟ್ಟರೆ ಸಾಕು. ವ್ಯವಹಾರವೇ ಮುರಿದುಬಿತ್ತು ಅಂದ ಮೇಲೆ ಡಿಸ್ಕೌಂಟ್ 1,000 ಕೂಡ ರದ್ದಾಗಬೇಕಲ್ಲ. ಪುಸ್ತಕದಲ್ಲಿ ಪ್ರಿಂಟ್ ತಪ್ಪಿರಬಹುದು.

ನವೀನ್_ಟ್ರೇಡರ್

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ತೀರಿ? ಕಳೆದ ವರ್ಷ ನನಗೂ ಒಬ್ಬರ ಚೆಕ್ ಬೌನ್ಸ್ ಆಗಿತ್ತು. ರಸೀದಿ ಎಂಟ್ರಿಯನ್ನು ಉಲ್ಟಾ ಹೊಡೆದೆ, ಪಾರ್ಟಿ ಖಾತೆಗೆ ಬಾಕಿ ಮತ್ತೆ ಬಂತು, ಮುಗೀತು. ಆಮೇಲೆ ವಕೀಲರ ಕೈಲಿ 138ರ ಕೆಳಗೆ ನೋಟಿಸ್ ಕೊಡಿಸಿದೆ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್ ಕಳಿಸಬೇಕು, ಅದು ಮುಖ್ಯ. ಕಮಲಾ ಅವರೂ ಅದನ್ನೇ ಮಾಡಲಿ.

ಹಳೇ_ಲೆಡ್ಜರ್

ನವೀನ್, ನಿಮ್ಮದು ಚೆಕ್ಕಿನ ಕಥೆ. 138ನೇ ಕಲಂ ಚೆಕ್ಕಿಗೆ ಮಾತ್ರ. ದಿವಾಕರ ಸಹಿ ಹಾಕಿದ ಬಿಲ್ಲಿಗೆ ಅದು ಅನ್ವಯಿಸುವುದಿಲ್ಲ. ಕಮಲಾ ದುಡ್ಡು ವಸೂಲು ಮಾಡಬೇಕಾದರೆ ಸಿವಿಲ್ ದಾವೆ ಹೂಡಬೇಕು. ಎಂಟ್ರಿಯೂ ಬೇರೆ. ನಿಮ್ಮ ಚೆಕ್ ನಿಮ್ಮ ಕೈಯಿಂದ ನಿಮ್ಮ ಖಾತೆಗೆ ಹೋಗಿ ವಾಪಸ್ ಬಂತು, ಅದಕ್ಕೇ ಅದೇ ಎಂಟ್ರಿ ಉಲ್ಟಾ ಮಾಡಿದರೆ ನಡೆಯಿತು. ಇಲ್ಲಿ ಕಮಲಾ ಬಿಲ್ಲನ್ನು ಬ್ಯಾಂಕಿಗೆ ಮಾರಿ ದುಡ್ಡು ತೆಗೆದುಕೊಂಡಾಗಿದೆ.

ಚೈತ್ರಾ, ಮೊದಲಿನಿಂದ ಸಾಲಾಗಿ ಬರೆದು ನೋಡೋಣ. ಆಗ ಎರಡೂ ಪ್ರಶ್ನೆಗೆ ಉತ್ತರ ಸಿಗುತ್ತೆ. ಕಮಲಾ ಪುಸ್ತಕದಲ್ಲಿ ಹೀಗೆ:

ಏಪ್ರಿಲ್ 1, ಮಾರಾಟ
ದಿವಾಕರನ ಖಾತೆ ಡೆಬಿಟ್ 50,000
  ಮಾರಾಟ ಖಾತೆಗೆ 50,000

ಏಪ್ರಿಲ್ 1, ಬಿಲ್ ಒಪ್ಪಿಗೆಯಾಗಿ ಬಂದಾಗ
ಬಿಲ್ಸ್ ರಿಸೀವಬಲ್ ಖಾತೆ ಡೆಬಿಟ್ 50,000
  ದಿವಾಕರನ ಖಾತೆಗೆ 50,000

ಮೇ 4, ಡಿಸ್ಕೌಂಟ್ ಮಾಡಿಸಿದಾಗ
ಬ್ಯಾಂಕ್ ಖಾತೆ ಡೆಬಿಟ್ 49,000
ಡಿಸ್ಕೌಂಟ್ ಖಾತೆ ಡೆಬಿಟ್ 1,000
  ಬಿಲ್ಸ್ ರಿಸೀವಬಲ್ ಖಾತೆಗೆ 50,000

ಇಲ್ಲಿ ಒಂದು ಕ್ಷಣ ನಿಲ್ಲಿ. ಮೇ 4ರ ಸಂಜೆ ಬಿಲ್ಸ್ ರಿಸೀವಬಲ್ ಖಾತೆಯಲ್ಲಿ ಎಷ್ಟು ಉಳಿದಿದೆ? ಸೊನ್ನೆ. ಬಿಲ್ ಕಮಲಾ ಕೈಯಲ್ಲಿ ಇಲ್ಲ, ಪುಸ್ತಕದಲ್ಲೂ ಇಲ್ಲ. ಇಲ್ಲದ ಬಿಲ್ಲನ್ನು ಜುಲೈಯಲ್ಲಿ ಮತ್ತೊಮ್ಮೆ ಕ್ರೆಡಿಟ್ ಮಾಡಿದರೆ ಆ ಖಾತೆ 50,000 ಕ್ರೆಡಿಟ್ ಬಾಕಿ ತೋರಿಸುತ್ತೆ. ಬರಬೇಕಾದ ಆಸ್ತಿ ಖಾತೆ ಕ್ರೆಡಿಟ್ ಬಾಕಿ ತೋರಿಸಿದರೆ ಎಲ್ಲೋ ಎಡವಿದ್ದೀರಿ ಅಂತಲೇ ಅರ್ಥ. ನಿಮ್ಮ ಗೆಳತಿಯ ಉತ್ತರ ಬಿಲ್ ಕಮಲಾ ಪೆಟ್ಟಿಗೆಯಲ್ಲೇ ಇದ್ದಿದ್ದರೆ ಸರಿ. ಬಿಲ್ ಡಿಸ್‌ಆನರ್ ಆದಾಗ ಕೇಳಬೇಕಾದ ಪ್ರಶ್ನೆ ಒಂದೇ: ಆ ದಿನ ಬಿಲ್ ಯಾರ ಕೈಯಲ್ಲಿತ್ತು? ಕ್ರೆಡಿಟ್ ಅವರ ಹೆಸರಿಗೆ.

ಇನ್ನು ಮೊತ್ತ. ಮಂಜು, ಪ್ರಿಂಟ್ ತಪ್ಪಿಲ್ಲ. ಬ್ಯಾಂಕು ಕೊಂಡದ್ದು 50,000 ಮುಖಬೆಲೆಯ ಬಿಲ್. ಗಡುವಿಗೆ ಎರಡು ತಿಂಗಳು ಇತ್ತು, ಆ ಎರಡು ತಿಂಗಳ ಬಡ್ಡಿಯನ್ನು ಮುಂಚೆಯೇ ಮುರಿದುಕೊಂಡು 49,000 ಕೊಟ್ಟಿತು. 50,000 ಗುಣಿಸು 12%, ಅದರಲ್ಲಿ ಹನ್ನೆರಡನೇ ಎರಡು ಪಾಲು, 1,000. ಆ ಎರಡು ತಿಂಗಳು ಕಮಲಾ ಬ್ಯಾಂಕಿನ ದುಡ್ಡನ್ನು ಬಳಸಿಕೊಂಡಿದ್ದು ನಿಜ ತಾನೇ? ದಿವಾಕರ ಕೊಟ್ಟರೂ ಕೊಡದಿದ್ದರೂ ಅದು ನಿಜ. ಬ್ಯಾಂಕು ದುಡಿದ ಬಡ್ಡಿಯನ್ನು ವಾಪಸ್ ಕೊಡುವುದಿಲ್ಲ. ಅದಕ್ಕೆ ಬರಬೇಕಿದ್ದದ್ದು 50,000, ದಿವಾಕರ ಕೊಡಲಿಲ್ಲ, ಕಮಲಾ ಕೈಲಿ ತೆಗೆದುಕೊಂಡಿತು.

ಜುಲೈ 4, ಡಿಸ್‌ಆನರ್
ದಿವಾಕರನ ಖಾತೆ ಡೆಬಿಟ್ 50,250
  ಬ್ಯಾಂಕ್ ಖಾತೆಗೆ 50,250

ಡಿಸ್ಕೌಂಟ್ ಖಾತೆಯ 1,000 ಹಾಗೇ ಇರುತ್ತೆ, ವರ್ಷದ ಕೊನೆಗೆ ಲಾಭ ನಷ್ಟ ಖಾತೆಗೆ ಹೋಗುತ್ತೆ.

ಚೈತ್ರಾ_ಬಿಕಾಂ

ಓ, ಡಿಸ್ಕೌಂಟ್ ಅಂದರೆ ಬಡ್ಡಿ ಅಂತ ನೋಡಿದರೆ ಸಲೀಸಾಗಿ ಅರ್ಥ ಆಗುತ್ತೆ. ನಾನು ಅದನ್ನು ಬೆಲೆಯಲ್ಲಿ ಬಿಟ್ಟ ರಿಯಾಯಿತಿ ಥರ ನೋಡುತ್ತಿದ್ದೆ.

ಸರ್, ಇನ್ನೊಂದು. ಆ 1,000 ಹೋಗಿದ್ದೇ ದಿವಾಕರನ ಬಿಲ್ ಕೆಲಸಕ್ಕೆ ಬರಲಿಲ್ಲ ಅಂತಲ್ವಾ? ಅದನ್ನೂ ಅವನ ತಲೆಗೇ ಕಟ್ಟಿ 51,250 ಅಂತ ಬರೆಯಬಾರದಾ? ನೋಟಿಂಗ್ ಚಾರ್ಜ್ ಮಾತ್ರ ಅವನಿಗೆ ಯಾಕೆ?

ಹಳೇ_ಲೆಡ್ಜರ್

ಬರೆಯಬಾರದು. ಬಿಲ್ಲನ್ನು ಡಿಸ್ಕೌಂಟ್ ಮಾಡಿಸಿ ಅಂತ ದಿವಾಕರ ಹೇಳಿರಲಿಲ್ಲ. ಅದು ಕಮಲಾಗೆ ಬೇಗ ದುಡ್ಡು ಬೇಕಾಗಿ ಅವಳೇ ಮಾಡಿದ ತೀರ್ಮಾನ. ಬಿಲ್ ಚೆನ್ನಾಗಿ ಪಾವತಿಯಾಗಿದ್ದರೂ ಆ 1,000 ಅವಳ ಖರ್ಚೇ. ದಿವಾಕರನಿಗೆ ಬಿಲ್ ಬ್ಯಾಂಕಿಗೆ ಹೋಗಿದೆ ಅನ್ನುವುದೇ ಎಷ್ಟೋ ಸಲ ಗಡುವಿನ ದಿನದವರೆಗೆ ಗೊತ್ತಿರುವುದಿಲ್ಲ.

ನೋಟಿಂಗ್ ಹಾಗಲ್ಲ. ಅವನು ಕೊಡದೇ ಹೋದದ್ದರಿಂದಲೇ ಬಂದ ಖರ್ಚು ಅದು. ಕಾನೂನಿನಲ್ಲೂ ಬಿಲ್ಲಿನ ಮೊತ್ತದ ಜೊತೆಗೆ ಹಾಜರುಪಡಿಸಿದ್ದು, ನೋಟಿಂಗ್ ಮಾಡಿಸಿದ್ದು, ಇವುಗಳ ಸರಿಯಾದ ಖರ್ಚನ್ನು ಕೇಳಲು ಅವಕಾಶ ಇದೆ. ಅದಕ್ಕೇ ಕಮಲಾ ಪುಸ್ತಕದಲ್ಲಿ 250 ಖರ್ಚಿನ ಖಾತೆಗೆ ಹೋಗದೆ ನೇರವಾಗಿ ದಿವಾಕರನ ಖಾತೆಗೆ ಹೋಗುತ್ತೆ. ಮೊದಲು ಕೈಯಿಂದ ಕೊಟ್ಟವರು ಬ್ಯಾಂಕಿನವರು, ಕೊನೆಗೆ ಹೊರಬೇಕಾದವನು ದಿವಾಕರ, ಕಮಲಾ ನಡುವೆ ಇದ್ದಾಳೆ ಅಷ್ಟೇ.

ಮಂಜು_ಟ್ಯಾಲಿ

ಸರಿ ಸರ್, 50,250 ಒಪ್ಪಿದೆ. ಹಾಗಾದರೆ ದಿವಾಕರನ ಪುಸ್ತಕದಲ್ಲಿ ಬಿಲ್ಸ್ ಪೇಯಬಲ್ ಡೆಬಿಟ್ 50,000, ನೋಟಿಂಗ್ ಖರ್ಚು ಡೆಬಿಟ್ 250, ಬ್ಯಾಂಕಿಗೆ 50,250. ಬಿಲ್ ಬ್ಯಾಂಕಿನ ಕೈಯಲ್ಲಿತ್ತಲ್ಲ, ನೀವೇ ಹೇಳಿದ ಹಾಗೆ.

ಹಳೇ_ಲೆಡ್ಜರ್

ಡೆಬಿಟ್ ಎರಡೂ ಸರಿ, ಕ್ರೆಡಿಟ್ ತಪ್ಪು. ದಿವಾಕರ ಬ್ಯಾಂಕಿಗೆ ಒಂದು ರೂಪಾಯಿಯೂ ಕೊಟ್ಟಿಲ್ಲ. ಕೊಡಲಿಲ್ಲ ಅಂತಲೇ ತಾನೇ ಈ ಗಲಾಟೆ. ಬ್ಯಾಂಕ್ ಖಾತೆಯನ್ನು ಕ್ರೆಡಿಟ್ ಮಾಡಿದರೆ ಅವನ ಪುಸ್ತಕದಲ್ಲಿ ದುಡ್ಡು ಕೊಟ್ಟುಬಿಟ್ಟ ಹಾಗೆ ಆಗುತ್ತೆ.

ಬಿಲ್ಸ್ ಪೇಯಬಲ್ ಖಾತೆ ಡೆಬಿಟ್ 50,000
ನೋಟಿಂಗ್ ಚಾರ್ಜ್ ಖಾತೆ ಡೆಬಿಟ್ 250
  ಕಮಲಾ ಖಾತೆಗೆ 50,250

ಯಾರ ಕೈಯಲ್ಲಿತ್ತು ಅನ್ನುವ ಪ್ರಶ್ನೆ ಬಿಲ್ ಬರೆದವರ ಪುಸ್ತಕಕ್ಕೆ. ಒಪ್ಪಿದವನ ಪುಸ್ತಕದಲ್ಲಿ ಬಿಲ್ ಯಾರ ಕೈಯಲ್ಲಿ ಸುತ್ತಿದರೂ ಎಂಟ್ರಿ ಬದಲಾಗುವುದಿಲ್ಲ. ಬಿಲ್ ಡಿಸ್ಕೌಂಟ್ ಆದ ದಿನ ಅವನ ಪುಸ್ತಕದಲ್ಲಿ ಎಂಟ್ರಿಯೇ ಇಲ್ಲ, ಗಮನಿಸಿದ್ದೀರಾ?

ವಿದ್ಯಾ_ಮೇಡಂ

ಉತ್ತರಪತ್ರಿಕೆ ತಿದ್ದುವವಳಾಗಿ ಒಂದು ಮಾತು ಸೇರಿಸುತ್ತೇನೆ. ಈ ಲೆಕ್ಕದಲ್ಲಿ ಹೆಚ್ಚಿನವರು ಕಳೆದುಕೊಳ್ಳುವ ಅಂಕ ಡಿಸ್‌ಆನರ್ ಎಂಟ್ರಿಯಲ್ಲಲ್ಲ, ಡಿಸ್ಕೌಂಟ್ ಲೆಕ್ಕದಲ್ಲಿ. ಮೂರು ತಿಂಗಳ ಬಿಲ್ ಅಂದ ಕೂಡಲೇ ಮೂರು ತಿಂಗಳಿಗೆ 1,500 ಅಂತ ಬರೆದುಬಿಡುತ್ತಾರೆ. ಬಿಲ್ ಬರೆದದ್ದು ಏಪ್ರಿಲ್ 1, ಬ್ಯಾಂಕಿಗೆ ಹೋದದ್ದು ಮೇ 4. ಬ್ಯಾಂಕು ಕಾಯಬೇಕಾದದ್ದು ಉಳಿದ ಅವಧಿಗೆ ಮಾತ್ರ.

ಗಡುವೂ ಹಾಗೆ. ಏಪ್ರಿಲ್ 1ಕ್ಕೆ ಮೂರು ತಿಂಗಳು ಸೇರಿಸಿದರೆ ಜುಲೈ 1, ಅದರ ಮೇಲೆ ಮೂರು ದಿನ ರಿಯಾಯಿತಿ, ಜುಲೈ 4. ಚೈತ್ರಾ ಪ್ರಶ್ನೆಯಲ್ಲಿ ಮೇ 4 ಅಂತ ಇಟ್ಟಿರುವುದೇ ಎರಡು ತಿಂಗಳು ಸರಿಯಾಗಿ ಬರಲಿ ಅಂತ. ಪ್ರಶ್ನೆ ಮಾಡುವವರ ಕರುಣೆ ಅದು. ಜುಲೈ 4 ಸಾರ್ವಜನಿಕ ರಜೆಯಾದರೆ ಬಿಲ್ ಹಿಂದಿನ ಕೆಲಸದ ದಿನಕ್ಕೇ ಗಡುವಿಗೆ ಬರುತ್ತೆ, ಮುಂದಿನ ದಿನಕ್ಕಲ್ಲ.

ಇನ್ನು ಉತ್ತರ ಬರೆದ ಮೇಲೆ ದಿವಾಕರನ ಖಾತೆ ತೆಗೆದು ನೋಡುವ ಅಭ್ಯಾಸ ಮಾಡಿ. ಡೆಬಿಟ್ ಕಡೆ 50,000 ಮತ್ತು 50,250, ಕ್ರೆಡಿಟ್ ಕಡೆ 50,000. ಬಾಕಿ 50,250. ಅಂದರೆ ಏಪ್ರಿಲ್ 1ರ ಬೆಳಗ್ಗೆ ಅವನು ಎಲ್ಲಿದ್ದನೋ ಅಲ್ಲಿಗೇ ವಾಪಸ್, ಮೇಲೆ 250. ಹಾಗೆ ಬರದಿದ್ದರೆ ಹಿಂದಕ್ಕೆ ಹೋಗಿ ಹುಡುಕಿ.

ಮಾಜಿ_ಬ್ಯಾಂಕ್_ಕೌಂಟರ್

ಬಿಲ್ ವಿಭಾಗದಲ್ಲಿ ಕೆಲಸ ಮಾಡಿದವನು ನಾನು. ಬ್ಯಾಂಕಿನ ಒಳಗೆ ಏನಾಗುತ್ತೆ ಅಂತ ಹೇಳಿದರೆ ಎಂಟ್ರಿ ಯಾಕೆ ಹಾಗಿದೆ ಅಂತ ಇನ್ನೂ ಸ್ಪಷ್ಟ ಆಗಬಹುದು.

ಮೊದಲು ದಿನದ ಲೆಕ್ಕ. ಬ್ಯಾಂಕು ತಿಂಗಳು ಎಣಿಸುವುದಿಲ್ಲ, ದಿನ ಎಣಿಸುತ್ತೆ. ಮೇ 4ರಿಂದ ಜುಲೈ 4ಕ್ಕೆ 61 ದಿನ. 365 ದಿನದ ವರ್ಷ ಇಟ್ಟುಕೊಂಡರೆ ಡಿಸ್ಕೌಂಟ್ 1,002.74 ಬರುತ್ತೆ, ಖಾತೆಗೆ ಬೀಳುವುದು 48,997.26. ಪರೀಕ್ಷೆಯಲ್ಲಿ 1,000 ಬರೆಯಿರಿ. ಆಫೀಸಿನಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಬರೆಯಿರಿ.

ಗಡುವಿನ ದಿನ ಬ್ಯಾಂಕು ಬಿಲ್ಲನ್ನು ದಿವಾಕರನಿಗೆ ಅಥವಾ ಅವನು ಹೇಳಿದ ಬ್ಯಾಂಕಿಗೆ ಹಾಜರುಪಡಿಸುತ್ತೆ. ದುಡ್ಡು ಬರಲಿಲ್ಲ. ನೋಟರಿ ಹತ್ತಿರ ಕೊಟ್ಟರೆ ಅವರು ಇನ್ನೊಮ್ಮೆ ಕೇಳಿಸಿ, ಯಾಕೆ ಕೊಡಲಿಲ್ಲ, ಯಾವ ದಿನ, ಎಷ್ಟು ಶುಲ್ಕ ಅಂತ ಬಿಲ್ಲಿನ ಮೇಲೆಯೋ ಅದಕ್ಕೆ ಅಂಟಿಸಿದ ಚೀಟಿಯ ಮೇಲೆಯೋ ಬರೆಯುತ್ತಾರೆ. ಅದೇ ನೋಟಿಂಗ್. ಒಳನಾಡಿನ ಬಿಲ್ಲಿಗೆ ಇದು ಕಡ್ಡಾಯ ಅಲ್ಲ. ಆದರೆ ಆಮೇಲೆ ಕೋರ್ಟಿಗೆ ಹೋಗಬೇಕಾದರೆ ಡಿಸ್‌ಆನರ್ ಆಗಿದ್ದಕ್ಕೆ ಗಟ್ಟಿ ಸಾಕ್ಷಿ. ನೋಟಿಂಗ್ ಮಾಡಿಸಲೇ ಇಲ್ಲ ಅಂದರೆ 250 ಇಲ್ಲ, ಎಂಟ್ರಿ 50,000ಕ್ಕೆ ನಿಲ್ಲುತ್ತೆ.

ನೋಟಿಂಗಿಗಿಂತ ಮುಖ್ಯವಾದದ್ದು ಕಮಲಾಗೆ ತಿಳಿಸುವುದು. ಬಿಲ್ ಹಿಡಿದವರು ಬಿಲ್ ಬರೆದವರಿಗೆ ಸಕಾಲದಲ್ಲಿ ತಿಳಿಸದಿದ್ದರೆ ಬರೆದವರ ಹೊಣೆ ತಪ್ಪಿಹೋಗುವ ಸಾಧ್ಯತೆ ಇದೆ. ಅದಕ್ಕೇ ನಾವು ಪತ್ರ ಕಳಿಸಿ ನಕಲು ಇಟ್ಟುಕೊಳ್ಳುತ್ತಿದ್ದೆವು.

ಆಮೇಲೆ ಕಮಲಾ ಖಾತೆಗೆ ಡೆಬಿಟ್. ಬಾಕಿ ಸಾಲದಿದ್ದರೂ ಮಾಡುತ್ತಾರೆ, ಖಾತೆ ಮೈನಸ್‌ಗೆ ಹೋಗುತ್ತೆ, ಅಲ್ಲಿಂದ ಬಡ್ಡಿ ಶುರು. ಪುಸ್ತಕದಲ್ಲಿ ಎಂಟ್ರಿ ಅದೇ, ಬ್ಯಾಂಕ್ ಖಾತೆ ಕ್ರೆಡಿಟ್. ಬಾಕಿ ಕ್ರೆಡಿಟ್ ಆಗಿ ನಿಂತರೆ ಅದು ಓವರ್‌ಡ್ರಾಫ್ಟ್. ಕಮಲಾ ಆಫೀಸಿನವರು ಇದನ್ನು ಬರೆಯುವುದು ಮರೆತರೆ ತಿಂಗಳ ಕೊನೆಗೆ ಬ್ಯಾಂಕ್ ಹೊಂದಾಣಿಕೆಯಲ್ಲಿ ಸರಿಯಾಗಿ 50,250 ವ್ಯತ್ಯಾಸ ಬರುತ್ತೆ. ಅಲ್ಲಿಯೇ ಹೆಚ್ಚಾಗಿ ಸಿಕ್ಕಿಬೀಳುವುದು.

ಮಂಜು_ಟ್ಯಾಲಿ

ಬ್ಯಾಂಕಿನವರು ರಿಟರ್ನ್ ಚಾರ್ಜ್ ಅಂತ ಬೇರೆ ಹಾಕುತ್ತಾರಲ್ಲ? ಅದನ್ನೂ ದಿವಾಕರನಿಗೇ ಹಾಕಬಹುದಾ?

ಮಾಜಿ_ಬ್ಯಾಂಕ್_ಕೌಂಟರ್

ನೋಟರಿಯ ಶುಲ್ಕ ಬೇರೆ, ಬ್ಯಾಂಕಿನ ಸೇವಾ ಶುಲ್ಕ ಬೇರೆ. ಸೇವಾ ಶುಲ್ಕವನ್ನು ನಾನಾದರೆ ಕಮಲಾ ಪುಸ್ತಕದಲ್ಲಿ ಬ್ಯಾಂಕ್ ಚಾರ್ಜ್ ಅಂತ ಖರ್ಚಿಗೆ ಹಾಕುತ್ತೇನೆ. ದಿವಾಕರನ ಜೊತೆ ಮೊದಲೇ ಮಾತಾಗಿದ್ದರೆ ಅವನ ಖಾತೆಗೆ ಹಾಕಬಹುದು.

ಹಳೇ_ಲೆಡ್ಜರ್

ನಾನು ಅವನ ಖಾತೆಗೇ ಹಾಕುತ್ತೇನೆ. ಕಾರಣ ಅವನೇ ತಾನೇ. ಕೊಡಲ್ಲ ಅಂದರೆ ಆಮೇಲೆ ಖರ್ಚಿಗೆ ತಳ್ಳಿದರಾಯಿತು.

ಮಾಜಿ_ಬ್ಯಾಂಕ್_ಕೌಂಟರ್

ಆಗ ಅವನು ಕಳಿಸುವ ಬಾಕಿ ದೃಢೀಕರಣ ಪತ್ರ ನಿಮ್ಮ ಲೆಡ್ಜರಿಗೆ ತಾಳೆ ಆಗಲ್ಲ ಸರ್. ಇರಲಿ, ನಿಮ್ಮ ಇಷ್ಟ.

ಮಂಜು_ಟ್ಯಾಲಿ

ಟ್ಯಾಲಿಯಲ್ಲಿ ಇದನ್ನು ಹಾಕುವವರಿಗೆ ಒಂದು ಕಡೆ ಕಾಲು ಸಿಕ್ಕಿಕೊಳ್ಳುತ್ತೆ. ಡಿಸ್‌ಆನರ್ ಎಂಟ್ರಿಯಲ್ಲಿ ಬ್ಯಾಂಕ್ ಕ್ರೆಡಿಟ್ ಆಗುವುದರಿಂದ `F7` ಜರ್ನಲ್ಲಿನಲ್ಲಿ ಸುಮ್ನೆ ಹಾಕಲು ಹೋದರೆ ಬ್ಯಾಂಕ್ ಲೆಡ್ಜರ್ ಪಟ್ಟಿಯಲ್ಲೇ ಬರುವುದಿಲ್ಲ, ಸೆಟ್ಟಿಂಗ್ ಬದಲಿಸಿದರೆ ಮಾತ್ರ ಬರುತ್ತೆ. `F5` ಪೇಮೆಂಟ್ ವೋಚರಿನಲ್ಲಿ ದಿವಾಕರನನ್ನು ಡೆಬಿಟ್ ಮಾಡಿ, ಬ್ಯಾಂಕನ್ನು ಕ್ರೆಡಿಟ್ ಮಾಡಿ. ನೋಡಿದವರಿಗೆ ದಿವಾಕರನಿಗೇ ದುಡ್ಡು ಕೊಟ್ಟ ಹಾಗೆ ಕಾಣುತ್ತೆ. ಅದಕ್ಕೇ ನರೇಶನ್ನಿನಲ್ಲಿ ಬಿಲ್ ನಂಬರು, ಗಡುವಿನ ದಿನ, ನೋಟಿಂಗ್ ಎಷ್ಟು ಅಂತ ಬರೆಯಲೇಬೇಕು.

ಇನ್ನೊಂದು, ಪಾರ್ಟಿಗೆ ಬಿಲ್‌ವೈಸ್ ಲೆಕ್ಕ ಇಟ್ಟಿದ್ದರೆ ಅದು `New Ref` ಕೇಳುತ್ತೆ. ಏಪ್ರಿಲ್ 1ರ ಇನ್‌ವಾಯ್ಸ್, ವಿನಿಮಯ ಬಿಲ್ ಬಂದ ದಿನವೇ `Agst Ref` ಮೂಲಕ ಮುಗಿದುಹೋಗಿದೆ. ಈಗ ಜುಲೈ 4ರ ದಿನಾಂಕದಲ್ಲಿ ಹೊಸ ರೆಫರೆನ್ಸ್ ಕೊಟ್ಟರೆ ಬಾಕಿ ಪಟ್ಟಿಯಲ್ಲಿ ದಿವಾಕರನ ಸಾಲ ಹೊಚ್ಚಹೊಸದು ಅಂತ ಕಾಣುತ್ತೆ. ನಿಜಕ್ಕೂ ಅದು ಮೂರು ತಿಂಗಳು ಹಳೆಯ ಸಾಲ. ಅದಕ್ಕೆ ನಾನು ಹಳೇ ಇನ್‌ವಾಯ್ಸ್ ನಂಬರಿನ ಮೇಲೇ ಎತ್ತಿ ಕೂರಿಸುತ್ತೇನೆ, 250 ಮಾತ್ರ ಹೊಸದಾಗಿ.

ಆಡಿಟ್_ಕಿಟ್ಟಿ

ಮಂಜು ಹೇಳಿದ್ದು ಸಣ್ಣ ವಿಷಯ ಅಂತ ಬಿಡಬೇಡಿ. ಸಾಲ ಹಳೆಯದೋ ಹೊಸದೋ ಅನ್ನುವುದರ ಮೇಲೆಯೇ ಸಂಶಯಾಸ್ಪದ ಸಾಲಕ್ಕೆ ಎಷ್ಟು ಎತ್ತಿಡಬೇಕು ಅಂತ ತೀರ್ಮಾನ ಆಗುವುದು. ಹೊಸದು ಅಂತ ಕಂಡರೆ ಯಾರೂ ಮುಟ್ಟುವುದಿಲ್ಲ.

ಆದರೆ ನನ್ನ ತಕರಾರು ಬೇರೆ. ಹಳೇ ಲೆಡ್ಜರ್ ಸರ್, ಮೇ 4ರಂದು ನೀವು ಬಿಲ್ಸ್ ರಿಸೀವಬಲ್ ಖಾತೆಯನ್ನು ಸೊನ್ನೆ ಮಾಡಿದಿರಿ. ಬಿಲ್ ಪಾವತಿಯಾಗದಿದ್ದರೆ ಬ್ಯಾಂಕು ಕಮಲಾ ಕುತ್ತಿಗೆ ಹಿಡಿಯುತ್ತೆ ಅಂತ ಎಲ್ಲರಿಗೂ ಗೊತ್ತು. ಅಪಾಯ ಪೂರ್ತಿ ಅವಳ ಹತ್ತಿರವೇ ಇದೆ. ಹಾಗಿರುವಾಗ ಬಿಲ್ ಮಾರಾಟವಾಯಿತು ಅಂತ ಹೇಗೆ ಹೇಳುತ್ತೀರಿ? ಈಗಿನ ಹಣಕಾಸು ಸಾಧನಗಳ ಮಾನದಂಡದ ಪ್ರಕಾರ, ಅಂದರೆ `Ind AS 109` ಪಾಲಿಸುವ ಕಂಪನಿಯಲ್ಲಿ, ಅಪಾಯ ದಾಟಿಹೋಗದೆ ಆಸ್ತಿಯನ್ನು ಪುಸ್ತಕದಿಂದ ತೆಗೆಯುವ ಹಾಗಿಲ್ಲ. ಬಂದ ದುಡ್ಡು ಸಾಲ. ಆಗ ಮೇ 4ರ ಎಂಟ್ರಿ:

ಬ್ಯಾಂಕ್ ಖಾತೆ ಡೆಬಿಟ್ 49,000
ಮುಂಗಡ ಬಡ್ಡಿ ಖಾತೆ ಡೆಬಿಟ್ 1,000
  ಡಿಸ್ಕೌಂಟ್ ಬಿಲ್ ಸಾಲದ ಖಾತೆಗೆ 50,000

ಬಡ್ಡಿಯನ್ನು 61 ದಿನದ ಮೇಲೆ ಹರಡಿ ಖರ್ಚಿಗೆ ತರುತ್ತೇವೆ. ಜುಲೈ 4ರಂದು ಡಿಸ್‌ಆನರ್ ಆದರೆ ಎರಡು ಕೆಲಸ. ಬ್ಯಾಂಕಿನ ಸಾಲ ತೀರಿತು, ಅದು ಒಂದು:

ಡಿಸ್ಕೌಂಟ್ ಬಿಲ್ ಸಾಲದ ಖಾತೆ ಡೆಬಿಟ್ 50,000
ದಿವಾಕರನ ಖಾತೆ ಡೆಬಿಟ್ 250
  ಬ್ಯಾಂಕ್ ಖಾತೆಗೆ 50,250

ಬಿಲ್ ಸತ್ತು ಸಾಲ ಮತ್ತೆ ದಿವಾಕರನ ತಲೆಗೆ ಬಂತು, ಅದು ಇನ್ನೊಂದು:

ದಿವಾಕರನ ಖಾತೆ ಡೆಬಿಟ್ 50,000
  ಬಿಲ್ಸ್ ರಿಸೀವಬಲ್ ಖಾತೆಗೆ 50,000

ನೋಡಿ, ಈ ದಾರಿಯಲ್ಲಿ ಚೈತ್ರಾ ಅವರ ಗೆಳತಿ ಬರೆದದ್ದು ಅರ್ಧ ನಿಜವಾಗುತ್ತೆ.

ಹಳೇ_ಲೆಡ್ಜರ್

ಕಿಟ್ಟಿ, ನೀನು ಹೇಳುವುದು ದೊಡ್ಡ ಕಂಪನಿಯ ಪುಸ್ತಕಕ್ಕೆ. ಚೈತ್ರಾ ಪ್ರಶ್ನೆ ಬಿಕಾಂ ಪ್ರಶ್ನೆ. ನಮ್ಮ ಹಳೇ ಪದ್ಧತಿಯಲ್ಲೂ ಅಪಾಯವನ್ನು ಯಾರೂ ಮುಚ್ಚಿಡುವುದಿಲ್ಲ. ಬ್ಯಾಲೆನ್ಸ್ ಶೀಟಿನ ಕೆಳಗೆ, ಡಿಸ್ಕೌಂಟ್ ಮಾಡಿಸಿದ, ಇನ್ನೂ ಗಡುವಿಗೆ ಬಾರದ ಬಿಲ್ ಇಷ್ಟು ಅಂತ ಸಂಭಾವ್ಯ ಹೊಣೆಯಾಗಿ ಟಿಪ್ಪಣಿ ಬರೆಯುತ್ತೇವೆ.

ಆಡಿಟ್_ಕಿಟ್ಟಿ

ಆ ಟಿಪ್ಪಣಿಯನ್ನು ಎಷ್ಟು ಜನ ಓದುತ್ತಾರೆ ಸರ್? ಕಮಲಾ ಜೂನ್ 30ಕ್ಕೆ ಪುಸ್ತಕ ಮುಚ್ಚುತ್ತಾಳೆ ಅಂದುಕೊಳ್ಳಿ. ನಿಮ್ಮ ಪದ್ಧತಿಯಲ್ಲಿ ಆವತ್ತಿನ ಬ್ಯಾಲೆನ್ಸ್ ಶೀಟಿನಲ್ಲಿ ದಿವಾಕರನೂ ಇಲ್ಲ, ಬಿಲ್ಲೂ ಇಲ್ಲ, ಬ್ಯಾಂಕಿನ ಸಾಲವೂ ಇಲ್ಲ. ನಾಲ್ಕು ದಿನ ಬಿಟ್ಟು 50,250 ಹೊರಗೆ ಹೋಗುತ್ತೆ. ನನ್ನ ಪದ್ಧತಿಯಲ್ಲಿ ಬಿಲ್ ಆಸ್ತಿಯ ಕಡೆ ಇದೆ, ಸಾಲ ಹೊಣೆಯ ಕಡೆ ಇದೆ. ಸಾಲ ಕೊಡುವವರು ಯಾವುದನ್ನು ನೋಡಿದರೆ ಸರಿ?

ಇನ್ನೂ ಒಂದು. ಲೆಕ್ಕ ಅಂತಿಮ ಆಗುವ ಮೊದಲೇ ಜುಲೈ 4ರ ಸುದ್ದಿ ಬಂದರೆ, ದಿವಾಕರನ ಸ್ಥಿತಿ ಜೂನ್ 30ಕ್ಕೇ ಕೆಟ್ಟಿತ್ತಾ ಅಂತ ಕೇಳಲೇಬೇಕಾಗುತ್ತೆ. ಕೆಟ್ಟಿತ್ತು ಅಂದರೆ ನಷ್ಟವನ್ನು ಹಳೇ ಅವಧಿಗೇ ತರಬೇಕು. ಬರೀ ಟಿಪ್ಪಣಿಯಲ್ಲಿ ಮುಗಿಸಲು ಆಗಲ್ಲ.

ವಿದ್ಯಾ_ಮೇಡಂ

ಇಬ್ಬರದೂ ಸರಿ, ಆದರೆ ಇಬ್ಬರೂ ಬೇರೆ ಬೇರೆ ಪುಸ್ತಕ ಹಿಡಿದುಕೊಂಡಿದ್ದೀರಿ. ಚೈತ್ರಾ, ಪರೀಕ್ಷೆಯಲ್ಲಿ ಹಳೇ ಲೆಡ್ಜರ್ ಅವರ ಎಂಟ್ರಿ ಬರೆಯಿರಿ. ಕಿಟ್ಟಿಯವರ ಎಂಟ್ರಿ ಬರೆದರೆ ತಿದ್ದುವವರು ಗೊಂದಲಕ್ಕೆ ಬಿದ್ದು ಅಂಕ ಕತ್ತರಿಸುತ್ತಾರೆ, ಆಮೇಲೆ ವಾದ ಮಾಡಿ ಪ್ರಯೋಜನ ಇಲ್ಲ.

ನವೀನ್_ಟ್ರೇಡರ್

ಚೆಕ್ ಬೇರೆ ಬಿಲ್ ಬೇರೆ ಅಂತ ಗೊತ್ತಾಯಿತು. ಈಗ ನಿಜವಾದ ಪ್ರಶ್ನೆ ನನ್ನದು. ವ್ಯಾಪಾರದಲ್ಲಿ ಯಾರೂ ತಕ್ಷಣ ಕೋರ್ಟಿಗೆ ಓಡುವುದಿಲ್ಲ. ದಿವಾಕರ ಬಂದು, ಅಕ್ಕಾ, ಈಗ ಸ್ವಲ್ಪ ಕೊಡ್ತೀನಿ, ಮಿಕ್ಕಿದ್ದಕ್ಕೆ ಇನ್ನೊಂದು ಬಿಲ್ ಬರೆದುಕೊಳ್ಳಿ ಅಂತಾನೆ. ಆಗ?

ಹಳೇ_ಲೆಡ್ಜರ್

ಒಳ್ಳೇ ಪ್ರಶ್ನೆ. ಡಿಸ್‌ಆನರ್ ಎಂಟ್ರಿಯನ್ನು ಮೊದಲು ಹಾಕಲೇಬೇಕು. ಹೊಸ ಬಿಲ್ ಬರುತ್ತೆ ಅಂತ ಹಳೆಯದನ್ನು ಹಾಗೇ ಬಿಟ್ಟು ಮುಂದೆ ಹೋಗುವವರಿದ್ದಾರೆ, ಅಲ್ಲಿಂದಲೇ ಲೆಕ್ಕ ಹಳ್ಳ ಹಿಡಿಯುವುದು.

ಡಿಸ್‌ಆನರ್ ಆದ ಮೇಲೆ ದಿವಾಕರನ ಬಾಕಿ 50,250. ಅವನು 20,250 ನಗದು ಕೊಟ್ಟ. ಉಳಿದದ್ದು 30,000. ಅದಕ್ಕೆ ಎರಡು ತಿಂಗಳ ಕಾಲಾವಕಾಶ, 12% ಬಡ್ಡಿ ಅಂತ ಮಾತಾಯಿತು. ಬಡ್ಡಿ 600. ಹೊಸ ಬಿಲ್ 30,600ಕ್ಕೆ.

ನಗದು ಖಾತೆ ಡೆಬಿಟ್ 20,250
  ದಿವಾಕರನ ಖಾತೆಗೆ 20,250

ದಿವಾಕರನ ಖಾತೆ ಡೆಬಿಟ್ 600
  ಬಡ್ಡಿ ಖಾತೆಗೆ 600

ಬಿಲ್ಸ್ ರಿಸೀವಬಲ್ ಖಾತೆ ಡೆಬಿಟ್ 30,600
  ದಿವಾಕರನ ಖಾತೆಗೆ 30,600

ಈಗ ಅವನ ಖಾತೆ ಸೊನ್ನೆ. ಇಲ್ಲಿ ಬಡ್ಡಿ 30,000ದ ಮೇಲೆ ಮಾತ್ರ, 50,250ರ ಮೇಲಲ್ಲ, ಯಾಕೆಂದರೆ 20,250 ಕೈಗೆ ಬಂದಾಗಿದೆ.

ನವೀನ್_ಟ್ರೇಡರ್

ಆ 30,600ರ ಬಿಲ್ಲನ್ನು ಕಮಲಾ ಮತ್ತೆ ಅದೇ ಬ್ಯಾಂಕಿಗೆ ಡಿಸ್ಕೌಂಟಿಗೆ ಒಯ್ದರೆ ತೆಗೆದುಕೊಳ್ತಾರಾ?

ಮಾಜಿ_ಬ್ಯಾಂಕ್_ಕೌಂಟರ್

ನಾನು ಕೂತಿದ್ದ ಕೌಂಟರಿನಲ್ಲಾದರೆ ಮ್ಯಾನೇಜರ್ ಹತ್ತಿರ ಕಳಿಸುತ್ತಿದ್ದೆ. ದಿವಾಕರನ ಹೆಸರು ಆಗಲೇ ನಮ್ಮ ರಿಜಿಸ್ಟರಿನಲ್ಲಿ ಇರುತ್ತಿತ್ತು. ಕಮಲಾ ಲಿಮಿಟ್ ಚೆನ್ನಾಗಿದ್ದು, 50,250 ತಕರಾರಿಲ್ಲದೆ ಖಾತೆಯಿಂದ ಸಿಕ್ಕಿದ್ದರೆ ಒಪ್ಪಲೂಬಹುದು. ಬ್ಯಾಂಕು ನೋಡುವುದು ಬಿಲ್ಲಿಗೆ ಸಹಿ ಹಾಕಿದವನಿಗಿಂತ ಜಾಸ್ತಿ ಬಿಲ್ ತಂದವರ ಮುಖ.

ಚೈತ್ರಾ_ಬಿಕಾಂ

ಎಲ್ಲರಿಗೂ ಥ್ಯಾಂಕ್ಸ್. ದಿವಾಕರನ ಖಾತೆ ಬಿಡಿಸಿ ನೋಡಿದೆ, 50,250 ಬಂತು. ಗೆಳತಿಗೆ ಬಿಲ್ಸ್ ರಿಸೀವಬಲ್ ಖಾತೆ ತೋರಿಸಿದೆ. ಕ್ರೆಡಿಟ್ ಬಾಕಿ ನೋಡಿ ಸುಮ್ಮನಾದಳು, ಆಮೇಲೆ ಕಿಟ್ಟಿ ಸರ್ ಪೋಸ್ಟ್ ಓದಿ ಮತ್ತೆ ಶುರು ಮಾಡಿದ್ದಾಳೆ.

ಅವಳ ಹೊಸ ಪ್ರಶ್ನೆ: ಕಿಟ್ಟಿ ಸರ್ ಪದ್ಧತಿಯಲ್ಲಿ ದಿವಾಕರ ಗಡುವಿನ ದಿನ ಸರಿಯಾಗಿ ದುಡ್ಡು ಕೊಟ್ಟಿದ್ದರೆ ಕಮಲಾ ಪುಸ್ತಕದಲ್ಲಿ ಏನು ಬರೆಯಬೇಕು? ಹಳೇ ಪದ್ಧತಿಯಲ್ಲಿ ಆವತ್ತು ಎಂಟ್ರಿಯೇ ಇಲ್ಲವಲ್ಲ.

ಆಡಿಟ್_ಕಿಟ್ಟಿ

ಇದೆ. ಡಿಸ್ಕೌಂಟ್ ಬಿಲ್ ಸಾಲದ ಖಾತೆ ಡೆಬಿಟ್ 50,000, ಬಿಲ್ಸ್ ರಿಸೀವಬಲ್ ಖಾತೆಗೆ 50,000. ಬ್ಯಾಂಕ್ ಖಾತೆ ಅಲುಗಾಡುವುದಿಲ್ಲ. ತೊಂದರೆ ಏನೆಂದರೆ ಬಿಲ್ ಪಾವತಿಯಾಯಿತು ಅಂತ ಕಮಲಾಗೆ ಯಾರಾದರೂ ತಿಳಿಸಬೇಕು. ಡಿಸ್‌ಆನರ್ ಆದರೆ ಬ್ಯಾಂಕು ಪತ್ರ ಕಳಿಸುತ್ತೆ. ಪಾವತಿಯಾದರೆ ಸ್ಟೇಟ್‌ಮೆಂಟಿನಲ್ಲಿ ಏನೂ ಕಾಣದೇ ಇರಬಹುದು. ಗಡುವು ದಾಟಿದ ಬಿಲ್ಲುಗಳ ಪಟ್ಟಿ ಹಿಡಿದುಕೊಂಡು ಬ್ಯಾಂಕಿಗೆ ಕೇಳುವುದೇ ದಾರಿ.

ಹಳೇ_ಲೆಡ್ಜರ್

ಅದಕ್ಕೇ ಹೇಳುವುದು, ಹಳೇ ಪದ್ಧತಿಯಲ್ಲಿ ಸುದ್ದಿ ಬರದಿದ್ದರೆ ಕೆಲಸವೂ ಇಲ್ಲ.

ಆಡಿಟ್_ಕಿಟ್ಟಿ

ಸುದ್ದಿ ಬರದಿದ್ದರೆ ನಿಮ್ಮ ಟಿಪ್ಪಣಿಯಿಂದ ಆ 50,000 ತೆಗೆಯುವುದು ಯಾವಾಗ ಸರ್?